ಅತ್ತೆಯ ರಿಪೋರ್ಟಲ್ಲಿ ಸೋಡಿಯಂ 131, ಪೊಟ್ಯಾಶಿಯಂ 5.7: ಎರಡೂ ನಿಜವೇ?

ಡೊಂಬಿವಲಿ ಸೊಸೆ
ಮೇ 15, ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 71 ವರ್ಷ, ತೂಕ 46 ಕಿಲೋ. ಬಿಪಿ ಬಹಳ ವರ್ಷದಿಂದ ಇದೆ, ಸಕ್ಕರೆ ಇಲ್ಲ. ನಿನ್ನೆ ವರ್ಷದ ಚೆಕಪ್ ಅಂತ ಮನೆಗೇ ಲ್ಯಾಬಿನ ಹುಡುಗನನ್ನು ಕರೆಸಿ ರಕ್ತ ಕೊಟ್ಟೆವು. ಇವತ್ತು ರಿಪೋರ್ಟ್ ಮೊಬೈಲಿಗೆ ಬಂತು. ಸೋಡಿಯಂ 131, ಪಕ್ಕದಲ್ಲಿ L. ಪೊಟ್ಯಾಶಿಯಂ 5.7, ಪಕ್ಕದಲ್ಲಿ H. ಇವರ ಪ್ರಕಾರ ಇರಬೇಕಾದ್ದು 136ರಿಂದ 145, ಮತ್ತು 3.5ರಿಂದ 5.1. ಮಿಕ್ಕಿದ್ದೆಲ್ಲ ಸರಿ ಇದೆ: ಕ್ರಿಯಾಟಿನಿನ್ 0.8, ಕ್ಯಾಲ್ಸಿಯಂ 9.4, ಖಾಲಿ ಹೊಟ್ಟೆಯ ಶುಗರ್ 104, ಪ್ಲೇಟ್‌ಲೆಟ್ 2.6 ಲಕ್ಷ.

ಮಾತ್ರೆ: ಟೆಲ್ಮಿಸಾರ್ಟನ್ 40 ಹಳೆಯದು. ಏಪ್ರಿಲ್ ಮೊದಲ ವಾರ ಬಿಪಿ 160 ದಾಟಿತ್ತು ಅಂತ ಅದರ ಜೊತೆ ಕ್ಲೋರ್ಥಲಿಡೋನ್ 12.5 ಸೇರಿಸಿದ್ದಾರೆ. ನಮ್ಮ ಡಾಕ್ಟರು ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ.

ಗೂಗಲ್‌ನಲ್ಲಿ ಪೊಟ್ಯಾಶಿಯಂ ಜಾಸ್ತಿಯಾದರೆ ಹೃದಯ ನಿಲ್ಲುತ್ತದೆ ಅಂತ ಓದಿ ನಮ್ಮ ಯಜಮಾನರು ಕೂತಲ್ಲಿ ಕೂರುತ್ತಿಲ್ಲ. ಅತ್ತೆ ದಿನಾ ಒಂದು ಎಳನೀರು ಕುಡಿಯುತ್ತಾರೆ, ಅದನ್ನು ನಿಲ್ಲಿಸಿದ್ದೇವೆ. ಸೋಡಿಯಂಗೆ ಉಪ್ಪು ಜಾಸ್ತಿ ಕೊಡಬೇಕಾ? ಬಿಪಿ ಇರುವವರಿಗೆ ಹೇಗೆ ಕೊಡುವುದು?

ಚಿಂಚವಾಡ ಗೌಡ್ರು
ಮೇ 15, ಸಂಜೆ 7:05

ಅಕ್ಕಾರ, ಹೆದರಬ್ಯಾಡ್ರಿ. ಸೋಡಿಯಂ ಅಂದ್ರ ಉಪ್ಪು, ಕಡಿಮಿ ಆಗೇದ ಅಂದ್ರ ಉಪ್ಪು ಕೊಡ್ರಿ. ನಮ್ಮ ಅವ್ವಗ ಹಿಂಗ ಆದಾಗ ಊಟದಾಗ ಉಪ್ಪಿನಕಾಯಿ, ಮಜ್ಜಿಗಿಗೆ ಚಿಟಿಕಿ ಉಪ್ಪು ಹಾಕಿ ಕೊಟ್ಟೀವಿ, ಸರಿ ಹೋತು. ಎಳನೀರು, ಬಾಳೆಹಣ್ಣು, ಟೊಮ್ಯಾಟೊ ಬಂದ್ ಮಾಡ್ರಿ, ಪೊಟ್ಯಾಶಿಯಂ ತಾನ ಇಳಿತದ. ಇಲ್ಲಂದ್ರ ಬ್ಯಾರೆ ಲ್ಯಾಬಿಗೆ ಕೊಡ್ರಿ. ಈ ಮನಿಗೆ ಬಂದು ತಗೊಂಡು ಹೋಗೋ ಲ್ಯಾಬಿನವರದು ಯಾವಾಗಲೂ ತಪ್ಪ ಇರ್ತದ.

ಮಾಟುಂಗಾ ಭಟ್ರು
ಮೇ 15, ಸಂಜೆ 7:20

ನನಗೊಂದು ಅರ್ಥವಾಗಲಿಲ್ಲ. ಬಿಪಿಯವರು ಸೋಡಿಯಂ ಕಮ್ಮಿ ಮಾಡಬೇಕು ಅಂತ ಎಲ್ಲ ಡಾಕ್ಟರೂ ಹೇಳುತ್ತಾರೆ. ನಿಮ್ಮ ಅತ್ತೆಯವರದ್ದು ಕಮ್ಮಿಯೇ ಬಂದಿದೆ. ಪಥ್ಯ ಸರಿಯಾಗಿ ನಡೆಯುತ್ತಿದೆ ಎಂದು ಸಂತೋಷ ಪಡಬೇಕಲ್ಲವೇ? ನನ್ನದು ಯಾವಾಗಲೂ 141. ಇನ್ನೂ ಇಳಿಸಬೇಕು ಅಂತ ನಾನು ಒದ್ದಾಡುತ್ತಿದ್ದೇನೆ.

ಮುಲುಂಡ್ ಲ್ಯಾಬಕ್ಕ
ಮೇ 15, ರಾತ್ರಿ 8:15

ನಾನು ಬಯೋಕೆಮಿಸ್ಟ್ರಿ ಲ್ಯಾಬಿನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು. ಮೊದಲು ಕೆಲವು ಪ್ರಶ್ನೆ ಕೇಳುತ್ತೇನೆ, ಉತ್ತರ ಬಂದ ಮೇಲೆ ಮಾತು.

ರಕ್ತ ತೆಗೆಯುವಾಗ ನರ ಸಿಗುವುದು ಕಷ್ಟವಾಯಿತಾ? ಪಟ್ಟಿ ಕಟ್ಟಿ ಎಷ್ಟು ಹೊತ್ತು ಇಟ್ಟಿದ್ದ? ಮುಷ್ಟಿ ಬಿಗಿ ಮಾಡಿ ಬಿಡಿ ಅಂದನಾ? ಬಾಟಲಿಗಳನ್ನು ಯಾವುದರಲ್ಲಿ ಹಾಕಿಕೊಂಡು ಹೋದ? ಇನ್ನೊಂದು, ರಿಪೋರ್ಟಿನ ಮೇಲ್ಭಾಗದಲ್ಲಿ ನಿಮ್ಮ ಅತ್ತೆಯ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ಮೂರು ಸಮಯ ಇರುತ್ತದೆ. Collected, Received, Reported. ಮೊದಲಿನ ಎರಡನ್ನು ನೋಡಿ ಹೇಳಿ. ಎಲ್ಲಾದರೂ haemolysed, ಅಂದರೆ ರಕ್ತಕಣ ಒಡೆದಿದೆ ಅಂತ ಟಿಪ್ಪಣಿ ಇದೆಯಾ?

ಭಟ್ರೇ, ನಿಮ್ಮ 141 ಚೆನ್ನಾಗಿದೆ, ಅದನ್ನು ಇಳಿಸಲು ಹೋಗಬೇಡಿ. ನೀವು ತಿನ್ನುವ ಉಪ್ಪಿನ ಲೆಕ್ಕವೇ ಬೇರೆ, ರಕ್ತದಲ್ಲಿರುವ ಸೋಡಿಯಂನ ಸಂಖ್ಯೆಯೇ ಬೇರೆ. ರಿಪೋರ್ಟಿನ ಸೋಡಿಯಂ ಹೇಳುವುದು ರಕ್ತದಲ್ಲಿ ಉಪ್ಪಿಗೆ ನೀರು ಎಷ್ಟು ಬೆರೆತಿದೆ ಎಂಬುದನ್ನು. ಸಾರಿಗೆ ಒಂದು ಲೋಟ ನೀರು ಹೆಚ್ಚು ಸುರಿದರೆ ಒಳಗಿನ ಉಪ್ಪು ಅಷ್ಟೇ ಇದ್ದರೂ ಸಪ್ಪೆಯಾಗುವುದಿಲ್ಲವೇ, ಹಾಗೆ. ಬಿಪಿಗೆ ಉಪ್ಪು ಕಡಿಮೆ ತಿನ್ನುವುದು ಸರಿಯೇ. ಅದರಿಂದ ಈ ಸಂಖ್ಯೆ 131ಕ್ಕೆ ಇಳಿಯಬೇಕೆಂದಲ್ಲ.

ಡೊಂಬಿವಲಿ ಸೊಸೆ
ಮೇ 15, ರಾತ್ರಿ 8:50

ಅಕ್ಕಾ, ನೀವು ಕೇಳಿದ್ದೆಲ್ಲ ಪಕ್ಕದಲ್ಲೇ ನಿಂತು ನೋಡಿದ ಹಾಗಿದೆ. ಎಡಗೈಯಲ್ಲಿ ನರ ಸಿಗಲಿಲ್ಲ, ಬಲಗೈಗೆ ಕಟ್ಟಿದ. ಅಲ್ಲೂ ಹುಡುಕಿ ಹುಡುಕಿ, "ಆಜೀ, ಮುಠ್ಠಿ ಬಂದ್ ಕರಾ, ಉಘಡಾ" ಅಂತ ಮತ್ತೆ ಮತ್ತೆ ಮಾಡಿಸಿದ. ಪಟ್ಟಿ ಅಷ್ಟು ಹೊತ್ತೂ ಕಟ್ಟೇ ಇತ್ತು, ಕೈ ನೀಲಿಯಾಗಿತ್ತು. ಕೊನೆಗೆ ಸಿಕ್ಕಿತು. ನೀಲಿ ಬಣ್ಣದ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇತ್ತು, ಅದಕ್ಕೆ ತಾಗಿಸಿಯೇ ಬಾಟಲಿ ಇಟ್ಟ. ಬಿಸಿಲಲ್ವಾ, ಇನ್ನೂ ಐದಾರು ಮನೆ ಇದೆ ಅಂದ.

ಸಮಯ: ತೆಗೆದದ್ದು 6:55, ತಲುಪಿದ್ದು 12:40. ಟಿಪ್ಪಣಿ ಏನೂ ಇಲ್ಲ. ಲ್ಯಾಬ್ ಎಲ್ಲಿದೆಯೋ ಗೊತ್ತಿಲ್ಲ, ಇಲ್ಲಿಯದು ಬರೀ ಕಲೆಕ್ಷನ್ ಸೆಂಟರ್.

ಮುಲುಂಡ್ ಲ್ಯಾಬಕ್ಕ
ಮೇ 15, ರಾತ್ರಿ 9:40

ಹಾಗಾದರೆ ಆ 5.7ರ ಬಗ್ಗೆ ನನಗೆ ದೊಡ್ಡ ಅನುಮಾನವಿದೆ. ಕಾರಣ ಹೇಳುತ್ತೇನೆ.

ಪೊಟ್ಯಾಶಿಯಂ ನಮ್ಮ ದೇಹದಲ್ಲಿ ಬಹುಪಾಲು ಇರುವುದು ಜೀವಕೋಶಗಳ ಒಳಗೆ. ಕೆಂಪು ರಕ್ತಕಣದ ಒಳಗೆ ಇರುವ ಪೊಟ್ಯಾಶಿಯಂ ಹೊರಗಿನ ನೀರಿನಲ್ಲಿರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ನಾವು ಅಳೆಯುವುದು ಹೊರಗಿನದನ್ನು. ಒಳಗಿನದು ಚೂರು ಸೋರಿದರೂ ಸಂಖ್ಯೆ ಜಿಗಿಯುತ್ತದೆ. ಅದು ಸೋರುವುದಕ್ಕೆ ನಿಮ್ಮ ಮನೆಯಲ್ಲಿ ಎರಡು ದಾರಿ ಆಗಿವೆ.

ಒಂದು, ಪಟ್ಟಿ ಬಿಗಿದಿರುವಾಗ ಮುಷ್ಟಿ ಹಿಂಡುವುದು. ಮುಂಗೈಯ ಸ್ನಾಯು ಪ್ರತಿ ಸಲ ಬಿಗಿಯಾದಾಗ ಪೊಟ್ಯಾಶಿಯಂ ಹೊರಗೆ ಬಿಡುತ್ತದೆ, ಪಟ್ಟಿ ಇರುವುದರಿಂದ ಅದು ಅಲ್ಲೇ ಆ ನರದಲ್ಲೇ ನಿಲ್ಲುತ್ತದೆ. ನೀವು ಎಳೆಯುವುದು ಅದೇ ರಕ್ತ. ಇದೊಂದರಿಂದಲೇ ಸಂಖ್ಯೆ ಒಂದಕ್ಕಿಂತ ಹೆಚ್ಚು ಏರಿದ್ದನ್ನು ನಾವು ಕಂಡಿದ್ದೇವೆ. ಎರಡು, ಐಸ್. ರಕ್ತಕಣದ ಗೋಡೆಯಲ್ಲಿ ಪೊಟ್ಯಾಶಿಯಂ ಅನ್ನು ಒಳಗೇ ಇಟ್ಟುಕೊಳ್ಳುವ ಒಂದು ಪಂಪ್ ಸದಾ ನಡೆಯುತ್ತಿರುತ್ತದೆ. ತಣ್ಣಗಾದರೆ ಅದು ನಿಧಾನವಾಗುತ್ತದೆ, ಗಂಟೆಗಟ್ಟಲೆ ಹಾಗೇ ಇದ್ದರೆ ಪೊಟ್ಯಾಶಿಯಂ ಮೆಲ್ಲಗೆ ಹೊರಬರುತ್ತದೆ. ಬಿಸಿಲಿಗೆ ಹೆದರಿ ಬಾಟಲಿಯನ್ನು ಐಸಿಗೆ ಒತ್ತಿಟ್ಟರೆ ಕಾಪಾಡಿದ ಹಾಗಾಗುತ್ತದೆ ಅಂತ ಆ ಹುಡುಗ ಎಣಿಸಿರುತ್ತಾನೆ. ಪೊಟ್ಯಾಶಿಯಂ ಮಟ್ಟಿಗೆ ಅದು ಉಲ್ಟಾ.

ಟಿಪ್ಪಣಿ ಇಲ್ಲವೆಂದು ಆ ಸಂಖ್ಯೆಯನ್ನು ನಂಬಬೇಡಿ. ರಕ್ತಕಣ ಒಡೆದರೆ ಮೇಲಿನ ದ್ರವ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದು ನಮಗೆ ಕಾಣುತ್ತದೆ, ಮೆಷಿನ್ನೂ ಹಿಡಿಯುತ್ತದೆ, ರಿಪೋರ್ಟಿನಲ್ಲಿ ಬರೆಯುತ್ತೇವೆ. ಮುಷ್ಟಿ ಮತ್ತು ಐಸಿನ ಸೋರಿಕೆಯಲ್ಲಿ ಕಣ ಒಡೆಯುವುದಿಲ್ಲ, ದ್ರವ ತಿಳಿಹಳದಿಯಾಗಿಯೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ನೀವು ಕೊಟ್ಟ ಬೇರೆ ಸಂಖ್ಯೆಗಳೂ ಉಪಯೋಗಕ್ಕೆ ಬಂದವು. ಕೆಲವೊಮ್ಮೆ ನೇರಳೆ ಮುಚ್ಚಳದ ಬಾಟಲಿಯ ರಕ್ತ ಹಳದಿ ಮುಚ್ಚಳದ್ದಕ್ಕೆ ಸೇರಿಬಿಡುತ್ತದೆ, ನೇರಳೆಯಲ್ಲಿ ಪೊಟ್ಯಾಶಿಯಂ ಲವಣ ಇರುತ್ತದೆ. ಹಾಗಾಗಿದ್ದರೆ ಕ್ಯಾಲ್ಸಿಯಂ ಬಿದ್ದುಹೋಗುತ್ತಿತ್ತು. ನಿಮ್ಮದು 9.4, ಆದ್ದರಿಂದ ಅದಲ್ಲ. ಪ್ಲೇಟ್‌ಲೆಟ್ ತುಂಬಾ ಹೆಚ್ಚಿದ್ದರೂ ರಕ್ತ ಹೆಪ್ಪುಗಟ್ಟುವಾಗ ಪೊಟ್ಯಾಶಿಯಂ ಬಿಡುತ್ತವೆ. 2.6 ಲಕ್ಷಕ್ಕೆ ಅದೂ ಅಲ್ಲ.

ಆದರೆ ಸೋಡಿಯಂ 131 ಈ ಯಾವುದರಿಂದಲೂ ಬರುವುದಿಲ್ಲ. ಸೋಡಿಯಂ ಹೊರಗೇ ಧಾರಾಳವಾಗಿರುತ್ತದೆ, ಒಳಗಿನದು ಸೋರಿದರೂ ಅದರ ಮೇಲೆ ಪರಿಣಾಮ ಅತ್ಯಲ್ಪ. ಒಂದು ಸಂಖ್ಯೆ ಸುಳ್ಳಿರಬಹುದು ಅಂತ ಇನ್ನೊಂದನ್ನೂ ಸುಳ್ಳು ಎನ್ನಬೇಡಿ. ಗೌಡ್ರೇ, ನಿಮ್ಮ "ಯಾವಾಗಲೂ ತಪ್ಪು" ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೆಷಿನ್ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ಅಳೆದಿದೆ. ಬೇರೆ ಲ್ಯಾಬಿಗೆ ಕೊಟ್ಟು ಅಲ್ಲಿಯೂ ಮುಷ್ಟಿ ಹಿಂಡಿಸಿದರೆ ಅಲ್ಲಿಯೂ 5.7 ಬರುತ್ತದೆ, ಆಗ ಎರಡು ಲ್ಯಾಬ್ ಹೇಳಿತು ಅಂತ ನಿಜವೇ ಅಂದುಕೊಳ್ಳುತ್ತೀರಿ.

ವಾಸ್ಕೋ ಬಂದರು
ಮೇ 15, ರಾತ್ರಿ 10:10

ಲ್ಯಾಬಕ್ಕ ಹೇಳಿದ್ದನ್ನು ಓದಿ ಯಾರೂ ಪೊಟ್ಯಾಶಿಯಂ ಅಂದರೆ ಸುಳ್ಳೇ ಅಂತ ಸುಮ್ಮನಾಗಬಾರದು. ನಮ್ಮಪ್ಪನ ವಿಷಯ ಹೇಳುತ್ತೇನೆ. ವಾಸ್ಕೋದಲ್ಲಿ ನಮ್ಮ ಜೊತೆಯೇ ಇದ್ದಾರೆ, ಸಕ್ಕರೆ ಹಳೆಯದು, ಕ್ರಿಯಾಟಿನಿನ್ 1.8. ಹೋದ ವರ್ಷ ಪೊಟ್ಯಾಶಿಯಂ 5.9 ಬಂತು. ಆಸ್ಪತ್ರೆಗೇ ಹೋಗಿ ಮತ್ತೆ ಕೊಟ್ಟೆವು, 6.0. ನಿಜವಾದದ್ದು.

ಡಾಕ್ಟರು ಮಾತ್ರೆಯ ಪಟ್ಟಿ ನೋಡಿದರು, ಆಮೇಲೆ ಅಡುಗೆಮನೆಯಲ್ಲಿ ಯಾವ ಉಪ್ಪು ಅಂತ ಕೇಳಿದರು. ನಾನು ಫೋನಿನಲ್ಲಿ ಹೆಂಡತಿಗೆ ಹೇಳಿ ಪ್ಯಾಕೆಟ್ಟಿನ ಫೋಟೋ ತರಿಸಿದೆ. ಬಿಪಿಗೆ ಒಳ್ಳೆಯದು ಅಂತ ಕಡಿಮೆ ಸೋಡಿಯಂನ ಉಪ್ಪು ತಂದಿದ್ದೆವು. ಹಿಂದೆ ಸಣ್ಣಕ್ಷರದಲ್ಲಿ potassium chloride ಅಂತ ಇತ್ತು. ತೆಗೆದ ಸೋಡಿಯಂನ ಜಾಗಕ್ಕೆ ಅದನ್ನು ಹಾಕಿರುತ್ತಾರೆ. ಅದರ ಮೇಲೆ ಟೆಲ್ಮಿಸಾರ್ಟನ್, ಮತ್ತೆ ಮೊಣಕಾಲು ನೋವಿಗೆ ಮೆಡಿಕಲ್ಲಿನಿಂದ ಕೇಳಿ ತಂದು ನುಂಗುತ್ತಿದ್ದ ನೋವಿನ ಮಾತ್ರೆ. ಕಿಡ್ನಿ ಮೊದಲೇ ನಿಧಾನ, ಮೂರೂ ಕಡೆಯಿಂದ ಪೊಟ್ಯಾಶಿಯಂ ಏರುವಂತೆ ಆಗಿತ್ತು. ಇಸಿಜಿ ಮಾಡಿ ಒಂದು ರಾತ್ರಿ ಇಟ್ಟುಕೊಂಡರು. ಉಪ್ಪು ಬದಲಾಯಿಸಿ ನೋವಿನ ಮಾತ್ರೆ ನಿಲ್ಲಿಸಿದ ಮೇಲೆ 4.9ಕ್ಕೆ ಬಂತು. ನಿಮ್ಮ ಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ.

ಕೋಥ್ರೂಡ್ ಡಾಕ್ಟರ್
ಮೇ 15, ರಾತ್ರಿ 11:00

ನಾನು ಪುಣೆಯಲ್ಲಿ ಪ್ರಾಕ್ಟೀಸ್ ಮಾಡುವ ಫಿಸಿಶಿಯನ್. ವಾಸ್ಕೋದವರು ಹೇಳಿದ್ದು ಬಹಳ ಮುಖ್ಯ. ಕಡಿಮೆ ಸೋಡಿಯಂ ಉಪ್ಪನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಆದರೆ ಕಿಡ್ನಿ ತೊಂದರೆ ಇರುವವರನ್ನು, ಪೊಟ್ಯಾಶಿಯಂ ಹೊರಹಾಕಲು ಕಷ್ಟವಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಪ್ಯಾಕೆಟ್ಟಿನ ಮುಂಭಾಗದಲ್ಲಿ ಅದು ಕಾಣುವುದಿಲ್ಲ.

ಡೊಂಬಿವಲಿಯವರೇ, ಸೋಮವಾರದವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಯಾವುದಾದರೂ ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋಗಿ ಪೊಟ್ಯಾಶಿಯಂ, ಸೋಡಿಯಂ, ಕ್ರಿಯಾಟಿನಿನ್ ಮತ್ತೆ ಮಾಡಿಸಿ, ಜೊತೆಗೆ ಒಂದು ಇಸಿಜಿ. ಸುಳ್ಳಿರಬಹುದು ಎಂದು ನನಗೂ ಅನ್ನಿಸುತ್ತದೆ, ಆದರೆ ಅನ್ನಿಸುವುದರ ಮೇಲೆ ಪೊಟ್ಯಾಶಿಯಂ ಬಿಡಲಾಗದು. ಇವತ್ತು ರಾತ್ರಿಯೇ ಎದೆ ಬಡಿತ ಏರುಪೇರು, ಕೈಕಾಲಲ್ಲಿ ಶಕ್ತಿಯೇ ಇಲ್ಲದಂತಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಿನವರೆಗೂ ಕಾಯಬೇಡಿ.

ನನ್ನ ಅನುಮಾನಕ್ಕೆ ಇನ್ನೊಂದು ಕಾರಣ ಇದೆ. ಕ್ಲೋರ್ಥಲಿಡೋನ್ ಪೊಟ್ಯಾಶಿಯಂ ಅನ್ನು ಮೂತ್ರದಲ್ಲಿ ಕಳೆಯುವ ಮಾತ್ರೆ. ಟೆಲ್ಮಿಸಾರ್ಟನ್ ಸ್ವಲ್ಪ ಹಿಡಿದಿಡುತ್ತದೆ. ಎರಡೂ ಸೇರಿದರೆ ಸಾಮಾನ್ಯವಾಗಿ ನಡುವೆ ನಿಲ್ಲಬೇಕು. ಕ್ರಿಯಾಟಿನಿನ್ 0.8 ಇರುವವರಲ್ಲಿ ಈ ಜೋಡಿಯ ಮೇಲೆ 5.7 ಏರುವುದು ವಿಚಿತ್ರ. 71 ವರ್ಷದ ಸಣ್ಣ ಮೈಯವರಿಗೆ 0.8 ಅಂದರೆ ಕಿಡ್ನಿ ಪೂರ್ತಿ ಯುವಕರದ್ದರಂತಿದೆ ಎಂದಲ್ಲ, ಆದರೂ ಒಂದು ಎಳನೀರಿಗೆ ಸೋಲುವಷ್ಟು ಬಲಹೀನವೂ ಅಲ್ಲ. ಗೌಡ್ರೇ, ಬಾಳೆಹಣ್ಣು ನಿಲ್ಲಿಸುವ ಸಲಹೆ ಕಿಡ್ನಿ ಕೆಟ್ಟವರಿಗೆ ಸರಿ.

ಈಗ ಸೋಡಿಯಂ. ಕೇಳಬೇಕಾದದ್ದು ಇಷ್ಟು: ದಿನಕ್ಕೆ ನೀರು ಎಷ್ಟು? ಊಟ ಏನು? ನಡೆಯುವಾಗ ಓಲಾಡುತ್ತಾರಾ? ನಿದ್ರೆಗೆ ಅಥವಾ ಮನಸ್ಸಿಗೆ ಅಂತ ಏನಾದರೂ ಮಾತ್ರೆ ಇದೆಯಾ?

ಡೊಂಬಿವಲಿ ಸೊಸೆ
ಮೇ 15, ರಾತ್ರಿ 11:25

ಉಪ್ಪು ಮಾಮೂಲಿಯದೇ, ಈಗಲೇ ಪ್ಯಾಕೆಟ್ ನೋಡಿದೆ. ನಿದ್ರೆಮಾತ್ರೆ ಇಲ್ಲ, ನೋವಿನ ಮಾತ್ರೆಯೂ ಇಲ್ಲ.

ನೀರು ತುಂಬಾ ಕುಡಿಯುತ್ತಾರೆ ಡಾಕ್ಟ್ರೇ. ಈ ಸಲದ ಸೆಖೆಗೆ ಅಂತ ನಾವೇ ಒಂದು ಲೀಟರಿನ ಬಾಟಲಿ ಕೊಟ್ಟು, ದಿನಕ್ಕೆ ಮೂರು ಸಲ ಖಾಲಿ ಆಗಬೇಕು ಅಂದಿದ್ದೇವೆ. ಅದರ ಮೇಲೆ ನೀರು ಮಜ್ಜಿಗೆ, ಚಹಾ. ಊಟವೇ ಕಡಿಮೆ. ಮಧ್ಯಾಹ್ನ ಗಂಜಿ, ರಾತ್ರಿ ಗಂಜಿ, ನಡುವೆ ಚಹಾ ಬಿಸ್ಕತ್ತು. ಬಿಪಿ ಏರಿದಾಗಿನಿಂದ ಗಂಜಿಗೂ ಉಪ್ಪು ಹಾಕಿಸಿಕೊಳ್ಳುವುದಿಲ್ಲ. ಮತ್ತೆ ಹೌದು, ಎರಡು ವಾರದಿಂದ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಾರೆ. ಸೆಖೆಗೆ ಸುಸ್ತು ಅಂತಿದ್ದರು, ನಾವೂ ಹಾಗೇ ಅಂದುಕೊಂಡಿದ್ದೆವು.

ಕೋಥ್ರೂಡ್ ಡಾಕ್ಟರ್
ಮೇ 15, ರಾತ್ರಿ 11:50

ಆ ಗೋಡೆ ಹಿಡಿದು ನಡೆಯುವುದನ್ನು ನಿಮ್ಮ ಡಾಕ್ಟರಿಗೆ ಮೊದಲು ಹೇಳಿ. 131 ಅಂದರೆ ಸ್ವಲ್ಪವೇ ಕಡಿಮೆ, ಹಾಗೆ ನೋಡಿದರೆ ಏನೂ ಇಲ್ಲದವರ ಹಾಗೆ ಕಾಣುತ್ತಾರೆ. ಆದರೆ ವಯಸ್ಸಾದವರಲ್ಲಿ ಇಷ್ಟರಲ್ಲೇ ಹೆಜ್ಜೆ ತಪ್ಪುತ್ತದೆ, ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬರುವವರಲ್ಲಿ ಸೋಡಿಯಂ ನೋಡಿದರೆ ಎಷ್ಟೋ ಸಲ ಹೀಗೇ ಇರುತ್ತದೆ.

ನನ್ನ ಎಣಿಕೆಯಲ್ಲಿ ಇಲ್ಲಿ ಮೂರು ಸೇರಿವೆ. ಕ್ಲೋರ್ಥಲಿಡೋನ್ ಮೂತ್ರದಲ್ಲಿ ಉಪ್ಪನ್ನು ಕಳಿಸುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಹೆಚ್ಚಿನ ನೀರನ್ನು ತೆಳುವಾದ ಮೂತ್ರವಾಗಿ ಹೊರಹಾಕುವ ಕಿಡ್ನಿಯ ಶಕ್ತಿಯನ್ನೂ ಅದು ಕುಂದಿಸುತ್ತದೆ. ಕುಡಿದ ನೀರು ಒಳಗೇ ಉಳಿಯುತ್ತದೆ. ಎರಡನೆಯದು ಆ ಮೂರು ಬಾಟಲಿ. ಮೂರನೆಯದು ಗಂಜಿ. ಕಿಡ್ನಿ ಬರೀ ನೀರನ್ನು ಹೊರಹಾಕಲಾರದು, ಅದರ ಜೊತೆ ಹೋಗಲು ಉಪ್ಪು ಬೇಕು, ಬೇಳೆ ಮೊಸರು ತಿಂದು ಆಗುವ ಯೂರಿಯಾ ಬೇಕು. ಅನ್ನದ ತಿಳಿ, ಚಹಾ, ಬಿಸ್ಕತ್ತಿನಲ್ಲಿ ಅವೆರಡೂ ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಾದ, ತೂಕ ಕಡಿಮೆ ಇರುವ ಹೆಂಗಸರಲ್ಲಿ ಈ ಗುಂಪಿನ ಮಾತ್ರೆ ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಇದು ಆಗುವುದನ್ನು ನಾವು ಪದೇ ಪದೇ ನೋಡುತ್ತೇವೆ.

ಅದಕ್ಕೇ ಗೌಡ್ರ ಉಪ್ಪಿನಕಾಯಿ ಅರ್ಧ ಸರಿ. ನೀರು ಹಾಗೇ ಇಟ್ಟು, ಮಾತ್ರೆ ಹಾಗೇ ಇಟ್ಟು ಉಪ್ಪು ಮಾತ್ರ ಹೆಚ್ಚಿಸಿದರೆ ಬಿಪಿ ಏರುತ್ತದೆ, ಸೋಡಿಯಂ ಅಲ್ಲೇ ಇರುತ್ತದೆ. ನಾಳೆಯಿಂದ ನೀರು ಬಾಯಾರಿದಷ್ಟು ಸಾಕು, ಒಂದೂವರೆ ಲೀಟರಿನ ಆಸುಪಾಸು. ಬಿಸಿಲಲ್ಲಿ ಹೊರಗೆ ಓಡಾಡುವವರ ಲೆಕ್ಕ ಮನೆಯೊಳಗಿರುವ 46 ಕಿಲೋ ಅಜ್ಜಿಗೆ ಬೇಡ. ಗಂಜಿಗೆ ಮಾಮೂಲಿ ಉಪ್ಪು ಹಾಕಿ, ಜೊತೆಗೆ ತೊವ್ವೆಯೋ ಮೊಸರೋ ಇರಲಿ. ಮಾತ್ರೆಯನ್ನು ನಿಲ್ಲಿಸುವ ವಿಷಯ ನಾಳೆ ನೋಡುವ ಡಾಕ್ಟರಿಗೇ ಬಿಡಿ, ಬಿಪಿ ಅಳೆಯದೆ ನಾನು ಇಲ್ಲಿಂದ ಹೇಳಲಾರೆ. ತಲೆನೋವು, ವಾಂತಿ, ಮಾತು ಗೊಂದಲ, ಎಬ್ಬಿಸಿದರೂ ಏಳದಿರುವುದು ಬಂದರೆ ನೇರ ಆಸ್ಪತ್ರೆ. ಮನೆಯಲ್ಲೇ ಸಲೈನ್ ಹಾಕಿಸುವ ಯೋಚನೆ ಬೇಡ. ಸೋಡಿಯಂ ಬೇಗ ಏರಿದರೆ ಮೆದುಳಿಗೆ ಪೆಟ್ಟು.

ಮುಲುಂಡ್ ಲ್ಯಾಬಕ್ಕ
ಮೇ 16, ಬೆಳಿಗ್ಗೆ 6:10

ಹೊರಡುವ ಮೊದಲು ಇದನ್ನು ಓದಿ. ಕೈಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಹೋದರೆ ನರ ಬೇಗ ಸಿಗುತ್ತದೆ. ಮುಷ್ಟಿ ಮಾಡಿಸಬೇಡಿ ಅಂತ ಮೊದಲೇ ಹೇಳಿ. ಪಟ್ಟಿ ಒಂದು ನಿಮಿಷದೊಳಗೆ ಸಡಿಲಾಗಬೇಕು, ನರ ಸಿಗದಿದ್ದರೆ ಬಿಚ್ಚಿ ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಲಿ. "ಸ್ಯಾಂಪಲ್ ಇಲ್ಲಿಯೇ ತಿರುಗಿಸುತ್ತೀರಾ, ಎಷ್ಟು ಹೊತ್ತಿಗೆ?" ಅಂತ ಕೇಳಿ. ಹಳದಿ ಮುಚ್ಚಳದ ಬಾಟಲಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ರಕ್ತಕಣ ಕೆಳಗೆ ಹೋಗಿ ನಡುವೆ ಜೆಲ್ ಬಂದು ಕೂರುತ್ತದೆ, ಆಮೇಲೆ ಸೋರಿದರೂ ಮೇಲಿನದಕ್ಕೆ ತಾಗುವುದಿಲ್ಲ. ಎರಡು ಗಂಟೆಯೊಳಗೆ ಅದು ಆಗಬೇಕು.

ಗೊರೆಗಾಂವ್ ಹುಡುಗ
ಮೇ 16, ಬೆಳಿಗ್ಗೆ 8:30

ನನಗೂ ಒಂದು ಸಂದೇಹ. ಹೋದ ವಾರ ಹೊಟ್ಟೆ ಕೆಟ್ಟು ಮೂರು ದಿನ ಬೇಧಿ. ಪೊಟ್ಯಾಶಿಯಂ 3.3 ಬಂದಿದೆ. ನನ್ನದೂ ಮುಷ್ಟಿಯಿಂದ ಆದದ್ದಾ?

ಮುಲುಂಡ್ ಲ್ಯಾಬಕ್ಕ
ಮೇ 16, ಬೆಳಿಗ್ಗೆ 9:05

ಇಲ್ಲ ತಮ್ಮಾ, ಮುಷ್ಟಿ ಏರಿಸುತ್ತದೆ, ಇಳಿಸುವುದಿಲ್ಲ. ಬೇಧಿಯಲ್ಲಿ ಪೊಟ್ಯಾಶಿಯಂ ಹೋಗುತ್ತದೆ, ನಿನ್ನದು ನಿಜವೇ ಇರಬೇಕು. ಓಆರ್‌ಎಸ್ ಕುಡಿ, ಊಟ ಸರಿಯಾದ ಮೇಲೆ ಮತ್ತೊಮ್ಮೆ ನೋಡಿಸು. ಬೇಧಿ ನಿಂತಿಲ್ಲವಾದರೆ ಡಾಕ್ಟರ ಹತ್ತಿರ ಹೋಗು.

ಡೊಂಬಿವಲಿ ಸೊಸೆ
ಮೇ 16, ಮಧ್ಯಾಹ್ನ 2:30

ಬಂತು. ಪೊಟ್ಯಾಶಿಯಂ 4.3. ಸೋಡಿಯಂ 131, ಹಾಗೇ ಇದೆ. ಇಸಿಜಿ ಚೆನ್ನಾಗಿದೆ. ಅಲ್ಲಿನ ಸಿಸ್ಟರ್ ಪಟ್ಟಿ ಕಟ್ಟಿ ತಕ್ಷಣ ತೆಗೆದರು, ಕೈ ಬಿಡಿಸಿಯೇ ಇಡಿ ಅಂದರು, ಬಾಟಲಿ ಪಕ್ಕದ ಕೋಣೆಗೇ ಹೋಯಿತು.

ಅಲ್ಲಿನ ಡಾಕ್ಟರು ಕ್ಲೋರ್ಥಲಿಡೋನ್ ನಿಲ್ಲಿಸಿ ಅಮ್ಲೋಡಿಪಿನ್ 5 ಕೊಟ್ಟಿದ್ದಾರೆ. ಥೈರಾಯ್ಡ್ ಮತ್ತು ಮೂತ್ರದ ಸೋಡಿಯಂ ಕೂಡ ನೋಡಲು ಬರೆದಿದ್ದಾರೆ. ನೀರು ಒಂದೂವರೆ ಲೀಟರ್, ಮನೆಯಲ್ಲಿ ಬಿಪಿ ದಿನಾ ಬರೆದಿಡಬೇಕು. ಒಂದು ವಾರಕ್ಕೆ ಮತ್ತೆ ರಕ್ತ. ಮೊದಲಿನ ಲ್ಯಾಬಿಗೆ ಫೋನ್ ಮಾಡಿ ಐಸಿನ ವಿಷಯ ಕೇಳಿದೆ, ಸ್ಯಾಂಪಲ್ ಸರಿಯಾಗಿತ್ತು ಅಂದರು, ಅಷ್ಟೇ. ಎಳನೀರು ಮತ್ತೆ ಕೊಡಬಹುದಾ?

ಚಿಂಚವಾಡ ಗೌಡ್ರು
ಮೇ 16, ಮಧ್ಯಾಹ್ನ 3:10

ಅಕ್ಕಾರ, ಜೀವಕ್ಕ ಸಮಾಧಾನ ಆತು. ನಮ್ಮ ಅವ್ವಂದು ಆವಾಗ ಡಾಕ್ಟ್ರು ಒಂದು ಮಾತ್ರಿ ಬದಲಿ ಮಾಡಿದ್ರು, ಈಗ ನೆನಪಾತು. ಉಪ್ಪಿನಕಾಯಿಯಿಂದ ಸರಿ ಹೋತೋ ಮಾತ್ರಿಯಿಂದೋ, ಹಳೇ ಚೀಟಿ ಹುಡುಕ್ತೀನ್ರಿ.

ಕೋಥ್ರೂಡ್ ಡಾಕ್ಟರ್
ಮೇ 16, ಸಂಜೆ 5:00

ಎಳನೀರು ಕೊಡಿ, ಒಂದೂವರೆ ಲೀಟರಿನ ಲೆಕ್ಕದೊಳಗೆ ಸೇರಿಸಿಕೊಂಡು. 5.7 ಮುಷ್ಟಿಯದೋ ಐಸಿನದೋ ಎಂಬುದು ಈಗ ಹೇಳಲಾಗದು. ನನಗೆ 4.3 ಸಾಕು.

ಮುಲುಂಡ್ ಲ್ಯಾಬಕ್ಕ
ಮೇ 16, ಸಂಜೆ 5:25

ಡಾಕ್ಟರಿಗೆ ಸಾಕು, ನನಗೆ ಸಾಲದು. ಐಸಿನದಾಗಿದ್ದರೆ ಅವತ್ತು ಆ ಪೆಟ್ಟಿಗೆಯಲ್ಲಿದ್ದ ಮಿಕ್ಕ ಐದಾರು ಮನೆಯವರ ಪೊಟ್ಯಾಶಿಯಂ ಕೂಡ ಏರಿರುತ್ತದೆ. ಅವರಲ್ಲಿ ಯಾರಿಗಾದರೂ ನಿಜವಾಗಿ 3.2 ಇದ್ದು ರಿಪೋರ್ಟಿನಲ್ಲಿ 4.2 ಅಂತ ಬಂದಿದ್ದರೆ, ಅದು ಸರಿಯಾದ ಸಂಖ್ಯೆಯ ಹಾಗೆ ಕಾಣುತ್ತದೆ, ಯಾರೂ ಮತ್ತೆ ಮಾಡಿಸುವುದಿಲ್ಲ. ಸುಳ್ಳು ಹೆಚ್ಚಳ ಕಾಣುತ್ತದೆ, ಮುಚ್ಚಿಹೋದ ಕೊರತೆ ಕಾಣುವುದಿಲ್ಲ. ಲ್ಯಾಬಿಗೆ ಎರಡೂ ರಿಪೋರ್ಟ್ ಜೋಡಿಸಿ ಬರಹದಲ್ಲಿ ಕಳಿಸಿ, ಕ್ವಾಲಿಟಿ ನೋಡುವವರಿಗೆ ಅಂತ ಹೆಸರಿಸಿ.

ಡೊಂಬಿವಲಿ ಸೊಸೆ
ಮೇ 24, ರಾತ್ರಿ 8:00

ಒಂದು ವಾರದ್ದು ಬಂತು: ಸೋಡಿಯಂ 136, ಪೊಟ್ಯಾಶಿಯಂ 4.5. ಥೈರಾಯ್ಡ್ ಸರಿ ಇದೆ. ಅತ್ತೆ ಗೋಡೆ ಬಿಟ್ಟು ನಡೆಯುತ್ತಿದ್ದಾರೆ, ನಿನ್ನೆ ಕೆಳಗೆ ಸೊಸೈಟಿ ಗೇಟಿನವರೆಗೂ ಹೋಗಿಬಂದರು. ಬಿಪಿ 138/80ರ ಆಸುಪಾಸು. ಲ್ಯಾಬಿಗೆ ಬರೆದು ಕಳಿಸಿದ್ದೇನೆ ಅಕ್ಕಾ, ಉತ್ತರ ಬಂದಿಲ್ಲ. ಈಗ ಸಂಜೆಯಾದರೆ ಪಾದ ಸ್ವಲ್ಪ ಊದಿಕೊಳ್ಳುತ್ತಿದೆ. ಹೊಸ ಮಾತ್ರೆಯದಾ?

ಕೋಥ್ರೂಡ್ ಡಾಕ್ಟರ್
ಮೇ 24, ರಾತ್ರಿ 9:15

ಅಮ್ಲೋಡಿಪಿನ್‌ಗೆ ಅದು ಆಗುತ್ತದೆ. ಎರಡೂ ಪಾದ ಒಂದೇ ರೀತಿ ಊದಿದ್ದು, ಬೆಳಿಗ್ಗೆಗೆ ಇಳಿದರೆ, ಉಸಿರು ಕಟ್ಟದಿದ್ದರೆ ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಒಂದೇ ಕಾಲು ಊದಿದ್ದರೆ ನಾಳೆಯೇ ತೋರಿಸಿ. ಊತಕ್ಕೆ ಅಂತ ಯಾರಾದರೂ ಮೂತ್ರ ಹೋಗುವ ಮಾತ್ರೆ ಬರೆದರೆ, ಮೇ 14ರ ರಿಪೋರ್ಟನ್ನೂ ಕ್ಲೋರ್ಥಲಿಡೋನ್ ನಿಲ್ಲಿಸಿದ ಚೀಟಿಯನ್ನೂ ಮೊದಲು ಅವರ ಮುಂದಿಡಿ.